ಎಳನೀರು: ಮರದಲ್ಲಿ ಎಣಿಸೋದು, ಗಾಡಿ ಹತ್ರ ಆರಿಸೋದು, ಪ್ಯಾಕೆಟ್ ಮೇಲೆ ಓದೋದು

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಬಳಗದ ಜಗಳೂರಿನ ಗೆಳೆಯನ ಮನೇಲಿ ನಡೆದ ವಿಷಯ ಇದು. ಅವರಪ್ಪ ಬೆಳಗ್ಗೆ ಏಳಕ್ಕೆ ಹೊಲಕ್ಕೆ ಹೋಗಿ, ಹನಿ ನೀರಾವರಿ ಪೈಪಿಗೆ ಗುಂಡಿ ತೋಡಿಸುತ್ತಾ, ತಾವೂ ಸಲಿಕೆ ಹಿಡಿದು, ಮಧ್ಯಾಹ್ನ ಹನ್ನೆರಡೂವರೆ ತನಕ ಬಿಸಿಲಲ್ಲೇ ಇದ್ದರು. ಸೆಕೆಗೆ ಊಟ ಸೇರಲಿಲ್ಲ. ತಟ್ಟೆ ಸರಿಸಿ ಮೂರು ಎಳನೀರು ಕುಡಿದರು, ಮೇಲೆ ಎರಡು ಚೊಂಬು ನೀರು. ಸಂಜೆ ಹೊತ್ತಿಗೆ ಕಾಲಿನ ಮೀನಖಂಡ ಹಿಡಿದುಕೊಂಡು ಮಂಚದ ಮೇಲೆ ಕೂತರು. ಬಿಟ್ಟೂ ಬಿಟ್ಟೂ ಸೆಳೆತ, ತಲೆಸುತ್ತು ಬೇರೆ.

ಡಾಕ್ಟರ್ ಹತ್ರ ಕರಕೊಂಡು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಊಟ ಮಾಡಿದ್ರಾ ಯಜಮಾನ್ರೆ?"

"ಇಲ್ರೀ ಸಾಹೇಬ್ರೆ. ಮೂರು ಎಳ್ನೀರು ಕುಡಿದೀನಲ್ರೀ."

"ಎಳ್ನೀರು ಸರಿ. ಉಪ್ಪು ಎಲ್ಲಿಂದ ಬರಬೇಕು?"

ಈ ಮಾತು ನಮ್ಮ ಹಾಸ್ಟೆಲಿಗೂ ಬಂತು. ನಾವು ನಾಲ್ವರು ನಾಲ್ಕು ತಾಲ್ಲೂಕಿನವರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಜಿಲ್ಲೆ ಒಂದೇ ದಾವಣಗೆರೆ, ಆದರೆ ನೀರು ಒಂದೇ ಅಲ್ಲ. ಚನ್ನಗಿರಿ ಕಡೆ ಅಡಿಕೆ ತೋಟ, ಸೂಳೆಕೆರೆ, ಬದುವಿನಲ್ಲಿ ತೆಂಗು. ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆಯ ದಂಡೆ, ನಾಲೆ ನೀರಿನ ಗದ್ದೆ. ಜಗಳೂರಲ್ಲಿ ಮೆಕ್ಕೆಜೋಳದ ಹೊಲ, ಕೊಳವೆಬಾವಿ ಎತ್ತಿದಷ್ಟೇ ನೀರು. ಎಳನೀರು ಬಗ್ಗೆ ನಾಲ್ಕೂ ಮನೆಯಲ್ಲಿ ನಂಬಿಕೆ ಮಾತ್ರ ಒಂದೇ: ಬಿಸಿಲಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆ ನಂಬಿಕೆ ಎಷ್ಟು ನಿಜ, ಎಲ್ಲಿ ಕೈಕೊಡುತ್ತೆ, ಅಂಗಡಿಯ ಪ್ಯಾಕೆಟ್ ಎಳನೀರು ಇದರ ಮುಂದೆ ನಿಲ್ಲುತ್ತಾ ಅನ್ನೋದನ್ನ ಮರದಿಂದಲೇ ಶುರು ಮಾಡಿ ನೋಡೋಣ.

ಮರದ ಮೇಲೆ ಒಂದು ಕ್ಯಾಲೆಂಡರ್ ಇದೆ

ಎಳನೀರಿನ ರುಚಿ, ನೀರಿನ ಅಳತೆ ಎರಡೂ ಕಾಯಿಯ ವಯಸ್ಸಿನ ಮೇಲೆ ನಿಂತಿವೆ. ಹೊಂಬಾಳೆ ಬಿಚ್ಚಿದ ದಿನದಿಂದ ಲೆಕ್ಕ ಹಾಕಿದರೆ ತೆಂಗಿನಕಾಯಿ ಪೂರ್ತಿ ಬಲಿಯೋಕೆ ಸುಮಾರು ಹನ್ನೆರಡು ತಿಂಗಳು ಬೇಕು. ಆರನೇ ತಿಂಗಳ ಹೊತ್ತಿಗೆ ಕಾಯಿ ಗಾತ್ರದಲ್ಲಿ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತೆ, ಒಳಗೆ ನೀರು ತುಂಬಿರುತ್ತೆ. ಗಂಜಿ ಆಗ ತಾನೇ ತೊಟ್ಟಿನ ಎದುರು ತುದಿಯಿಂದ ಲೋಳೆಯಾಗಿ ಕಟ್ಟೋಕೆ ಶುರುವಾಗುತ್ತೆ. ಆರರಿಂದ ಏಳು ತಿಂಗಳ ನಡುವೆ ನೀರೂ ಹೆಚ್ಚು, ಸಿಹಿಯೂ ಹೆಚ್ಚು. ಐದು ತಿಂಗಳಿಗೆ ಇಳಿಸಿದರೆ ನೀರು ಸಪ್ಪೆ, ಒಂದು ಥರ ಒಗರು. ಎಂಟು ದಾಟಿದರೆ ಗಂಜಿ ದಪ್ಪವಾಗಿ ಕಾಯಿಯಾಗ್ತಾ ಹೋಗುತ್ತೆ, ನೀರು ಕಮ್ಮಿಯಾಗುತ್ತೆ, ಸಿಹಿಯೂ ಇಳಿಯುತ್ತೆ.

ಹಾಗಾದರೆ ನೆಲದಲ್ಲಿ ನಿಂತು ಏಳು ತಿಂಗಳ ಗೊನೆ ಯಾವುದು ಅಂತ ಹೇಳೋದು ಹೇಗೆ? ಚೆನ್ನಾಗಿ ನೀರು ಕಂಡ ತೆಂಗಿನ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಅಂದರೆ ಒಂದು ಗೊನೆಗೂ ಅದರ ಮುಂದಿನ ಗೊನೆಗೂ ಒಂದು ತಿಂಗಳ ಅಂತರ. ಈಗಷ್ಟೇ ಬಿಚ್ಚಿದ ಹೊಂಬಾಳೆಯನ್ನ ಸೊನ್ನೆ ಅಂತ ಇಟ್ಟುಕೊಂಡು ಕೆಳಗೆ ಏಳು ಎಣಿಸಿದರೆ ಆಯ್ತು.

ಎಣಿಸೋಕೆ ಹೋದರೆ ತಲೆಕೆಡುತ್ತೆ, ಯಾಕೆಂದರೆ ಗೊನೆಗಳು ಒಂದರ ಕೆಳಗೊಂದು ಇರಲ್ಲ. ಒಂದು ಗರಿಗೂ ಮುಂದಿನ ಗರಿಗೂ ನಡುವೆ ಸುಮಾರು 140 ಡಿಗ್ರಿ ತಿರುವು ಇರುತ್ತೆ. ಹೀಗೆ ಐದು ಗರಿ ಬಂದಾಗ ಮರವನ್ನ ಎರಡು ಸುತ್ತು ಹಾಕಿದ ಹಾಗಾಗುತ್ತೆ, ಆರನೇ ಗರಿ ಮೊದಲನೆಯದರ ಸಾಲಿಗೇ ಬಂದು ನಿಲ್ಲುತ್ತೆ. ಹಾಗಾಗಿ ತೆಂಗಿನ ಮಂಡೆ ಸುತ್ತ ಗರಿಗಳ ಐದು ಸಾಲು ಕಾಣುತ್ತೆ, ಮತ್ತು ಒಂದೇ ಸಾಲಿನಲ್ಲಿ ಮೇಲಿನ ಗೊನೆಗಿಂತ ಕೆಳಗಿನ ಗೊನೆ ಐದು ತಿಂಗಳು ದೊಡ್ಡದು.

ಇದು ಗೊತ್ತಾದರೆ ಎಣಿಕೆ ಸಲೀಸು. ಈಗ ಬಿಚ್ಚಿದ ಹೊಂಬಾಳೆಯ ನೇರ ಕೆಳಗಿರೋದು ಐದು ತಿಂಗಳ ಗೊನೆ, ಅದನ್ನ ಮುಟ್ಟಬಾರದು. ಮೇಲೆ ಚಿಕ್ಕ ಚಿಕ್ಕ ಹೀಚು ಹಿಡಿದಿರೋ ಎರಡು ತಿಂಗಳ ಗೊನೆ ಯಾವುದು ನೋಡಿ, ಅದೇ ಸಾಲಿನಲ್ಲಿ ಅದರ ಕೆಳಗಿರೋದು ಏಳು ತಿಂಗಳದ್ದು. ಸುತ್ತು ಕೆಲವು ಮರದಲ್ಲಿ ಎಡಕ್ಕೆ, ಕೆಲವು ಮರದಲ್ಲಿ ಬಲಕ್ಕೆ ತಿರುಗುತ್ತೆ, ಆದರೆ "ಅದೇ ಸಾಲು, ಐದು ತಿಂಗಳು" ಅನ್ನೋ ಲೆಕ್ಕ ಎರಡಕ್ಕೂ ಒಂದೇ.

ಜಗಳೂರಿನ ಗೆಳೆಯ ಇಲ್ಲಿ ತಕರಾರು ತೆಗೆದ: "ನಮ್ಮ ಗಿಡದಾಗೆ ನಡುನಡುವೆ ಗೊನೆನೇ ಇಲ್ಲ, ಏನ್ ಎಣಿಸ್ಲಿ?" ಅವನ ಮಾತು ಸರಿ. ನೀರಿಲ್ಲದೆ ಕಂಗೆಟ್ಟ ಮರದಲ್ಲಿ ಹೊಂಬಾಳೆ ಒಣಗುತ್ತೆ, ಹೀಚು ಉದುರುತ್ತೆ. ಗೊನೆ ಎಣಿಸಿದರೆ ಒಂದೆರಡು ತಿಂಗಳು ತಪ್ಪಿಹೋಗುತ್ತೆ. ಅಂಥ ಮರದಲ್ಲಿ ಗರಿಯನ್ನೇ ಎಣಿಸಬೇಕು, ಗೊನೆ ಇಲ್ಲದ ಕಂಕುಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬರದಲ್ಲಿ ಗರಿ ಬರೋದೂ ನಿಧಾನ ಆಗುತ್ತೆ, ಆದ್ದರಿಂದ ಒಂದು ಕಾಯಿ ಕೊಯ್ದು ಒಡೆದು ನೋಡಿ, ಆಮೇಲೆ ಗೊನೆಗೆ ಕೈ ಹಾಕೋದು ವಾಸಿ. ಗಿಡ್ಡ ತಳಿಗಳಲ್ಲಿ ಗರಿ ಇನ್ನೂ ಬೇಗ ಬರುತ್ತೆ ಅನ್ನೋದೂ ನೆನಪಿರಲಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಎಳನೀರಿಗಾಗಿಯೇ ಶಿಫಾರಸು ಮಾಡಿರೋ ಚೌಘಾಟ್ ಕಿತ್ತಳೆ ಗಿಡ್ಡ ತಳಿ ಅಂಥದ್ದು. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಇರೋದು ಎತ್ತರದ ತಿಪಟೂರು ಕಡೆಯ ತಳಿ.

ಇಳಿಸೋದರಲ್ಲಿ ಒಂದೇ ಮುಖ್ಯ ನಿಯಮ: ಎಳನೀರನ್ನ ಬೀಳಿಸಬಾರದು. ಬಲಿತ ಕಾಯಿಯನ್ನ ಮೇಲಿಂದ ಕೆಡವೋ ಅಭ್ಯಾಸ ನಮಗೆಲ್ಲ ಇದೆ, ಅದರ ಕರಟ ಗಟ್ಟಿ, ತಡೆಯುತ್ತೆ. ಏಳು ತಿಂಗಳ ಕಾಯಿಯ ಕರಟ ಇನ್ನೂ ಮೆತ್ತಗೆ. ಬಿದ್ದಾಗ ಸಿಪ್ಪೆಗೆ ಏನೂ ಆಗಿರಲ್ಲ, ಒಳಗೆ ಕರಟ ಬಿರುಕು ಬಿಟ್ಟಿರುತ್ತೆ. ನೀರು ನಾರಿಗೆ ಇಳಿಯುತ್ತೆ, ಉಳಿದದ್ದು ಒಂದೆರಡು ದಿನದಲ್ಲಿ ಹುಳಿಯಾಗುತ್ತೆ. ಹತ್ತು ಕಾಯಿಯ ಗೊನೆ ಹದಿನೈದು ಇಪ್ಪತ್ತು ಕಿಲೋ ತೂಗುತ್ತೆ, ಆದ್ದರಿಂದ ಮೊದಲು ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನ ಒಂದು ಗಟ್ಟಿ ಗರಿಯ ಬುಡದ ಮೇಲೆ ಹಾಯಿಸಿ, ಕೆಳಗೆ ಒಬ್ಬರು ಬಿಗಿ ಹಿಡಿದ ಮೇಲೆಯೇ ಮಚ್ಚು ಹಾಕಬೇಕು. ಆಮೇಲೆ ನಿಧಾನಕ್ಕೆ ಬಿಡಬೇಕು. ಚನ್ನಗಿರಿಯಲ್ಲಿ ಅಡಿಕೆ ಕೊಯ್ಯೋ ದೋಟಿಯಿಂದ ಎಳನೀರು ಎಳೆಯೋರನ್ನ ನಾವು ನೋಡಿದೀವಿ. ಎಳೆದ ಕಾಯಿ ಅವತ್ತೇ ಕುಡಿಯೋಕೆ ಸರಿ, ಸಂತೆಗೆ ಸರಿಯಲ್ಲ.

ಗಾಡಿ ಹತ್ರ ನಿಂತಾಗ

ಪೇಟೆಯಲ್ಲಿ ಮರ ಕಾಣಲ್ಲ, ಕಾಯಿ ಮಾತ್ರ ಕಾಣುತ್ತೆ. ಗಾಡಿಯವರು ಕೇಳ್ತಾರೆ, "ನೀರಿಂದ್ ಬೇಕಾ, ಗಂಜೀದ್ ಬೇಕಾ?" ಬಿಸಿಲಿಗೆ ಅಂತ ಕುಡಿಯೋದಾದರೆ "ತೆಳು ಗಂಜಿ" ಅನ್ನಿ. ಗಂಜಿ ಕಟ್ಟೇ ಇಲ್ಲದ್ದು ಇನ್ನೂ ಎಳಸು, ಗಟ್ಟಿ ಗಂಜಿಯದ್ದರಲ್ಲಿ ನೀರು ಇಳಿಯೋಕೆ ಶುರುವಾಗಿರುತ್ತೆ. ತೆಳು ಗಂಜಿ ಅಂದರೆ ಆರೂವರೆ, ಏಳು ತಿಂಗಳು.

ಕಾಯಿಯನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ. ನಮ್ಮಲ್ಲಿ ಬಹಳ ಜನ ಗುಳುಗುಳು ಅಂದರೆ ನೀರು ಜಾಸ್ತಿ ಅಂದುಕೊಂಡಿದ್ದೆವು. ಇರೋದು ಉಲ್ಟಾ. ಸರಿಯಾದ ಎಳನೀರಿನಲ್ಲಿ ಗಾಳಿಗೆ ಜಾಗ ಇರಲ್ಲ, ನೀರು ಕುತ್ತಿಗೆ ತನಕ ತುಂಬಿರುತ್ತೆ, ಆದ್ದರಿಂದ ಸದ್ದೇ ಬರಲ್ಲ. ಸದ್ದು ಬಂತು ಅಂದರೆ ಒಳಗೆ ಖಾಲಿ ಜಾಗ ಆಗಿದೆ: ಒಂದೋ ಕಾಯಿ ಬಲಿತಿದೆ, ಇಲ್ಲಾ ಕರಟ ಬಿರುಕು ಬಿಟ್ಟು ನೀರು ಸೋರಿದೆ. ತುಂಬಿದ ಬಾಟಲಿ ಸದ್ದು ಮಾಡಲ್ಲ, ಅರ್ಧ ಬಾಟಲಿ ಮಾಡುತ್ತೆ, ಅಷ್ಟೇ ವಿಷಯ.

ಆಮೇಲೆ ತೊಟ್ಟು ನೋಡಿ. ತೊಟ್ಟಿನ ಸುತ್ತ ಟೋಪಿ ಥರ ಎಸಳು ಇರುತ್ತಲ್ಲ, ಅದರ ಅಂಚಿಗೆ ತಾಗಿ ಸಿಪ್ಪೆಯ ಮೇಲೆ ಒಂದು ಬಿಳಿ ಪಟ್ಟಿ ಕಂಡರೆ ಕಾಯಿ ಇನ್ನೂ ಎಳೆಯದು. ಬಲಿಯುತ್ತಾ ಆ ಬಿಳುಪು ಹೋಗಿ ಸಿಪ್ಪೆ ಬಣ್ಣಕ್ಕೆ, ಕಂದಿಗೆ ತಿರುಗುತ್ತೆ. ತೊಟ್ಟು, ಟೋಪಿ ಎರಡೂ ಗಟ್ಟಿಯಾಗಿ ಅಂಟಿಕೊಂಡಿರೋ ಕಾಯಿ ಆರಿಸಿ. ತೊಟ್ಟು ಕಿತ್ತ ಕಡೆಯಿಂದಲೇ ತೇವ ಆರೋದು, ಕೊಳೆ ಹಿಡಿಯೋದು. ಇನ್ನು ಒಂದೇ ಗಾತ್ರದ ಎರಡು ಕಾಯಿಯನ್ನ ಎರಡು ಕೈಯಲ್ಲಿ ಹಿಡಿದು, ಭಾರ ಇರೋದನ್ನ ತೊಗೊಳ್ಳಿ. ಬಣ್ಣ ನೋಡಿ ಮೋಸ ಹೋಗಬೇಡಿ, ಹಸಿರು, ಹಳದಿ, ಕಿತ್ತಳೆ ಅನ್ನೋದು ತಳಿಯ ಗುರುತು, ವಯಸ್ಸಿನದ್ದಲ್ಲ.

ಒಡೆದ ಮೇಲೆ ಮೂಗು ಹೇಳೋದನ್ನ ಕೇಳಿ. ಹುಳಿ ವಾಸನೆ, ನಾಲಗೆಗೆ ಸೋಡಾ ಥರ ಚುರುಕು, ಗಂಜಿ ಮೇಲೆ ಕಂದು ಅಥವಾ ಬೂದು ಕಲೆ ಇದ್ದರೆ ಚೆಲ್ಲಿ, "ದುಡ್ಡು ಕೊಟ್ಟಿದೀವಲ್ಲ" ಅಂತ ಕುಡಿಯಬೇಡಿ. ನೀರು ಒಡೆದ ಸ್ವಲ್ಪ ಹೊತ್ತಿಗೆ ತಿಳಿ ಗುಲಾಬಿಗೆ ತಿರುಗಿದರೆ ಮಾತ್ರ ಗಾಬರಿ ಬೇಡ. ಎಳನೀರಿನಲ್ಲಿರೋ ಕಿಣ್ವಗಳು ಗಾಳಿ ತಾಗಿದಾಗ ಹಾಗೆ ಮಾಡ್ತಾವೆ, ಕತ್ತರಿಸಿದ ಸೇಬು ಕಂದಾಗೋ ಹಾಗೆಯೇ.

ಒಳಗೆ ಏನಿದೆ, ಏನಿಲ್ಲ

ಈಗ ಡಾಕ್ಟರ್ ಕೇಳಿದ ಪ್ರಶ್ನೆಗೆ ಬರೋಣ. ಒಂದು ಸಾಮಾನ್ಯ ಕಾಯಲ್ಲಿ ಸುಮಾರು 300 ಮಿ.ಲೀ. ನೀರು ಅಂತ ಇಟ್ಟುಕೊಳ್ಳೋಣ. ತಳಿ, ಮಣ್ಣು, ವಯಸ್ಸಿನ ಮೇಲೆ ಅಂಕಿ ಏರುಪೇರಾಗುತ್ತೆ, ಆದರೂ ಅಂದಾಜಿಗೆ 100 ಮಿ.ಲೀ. ಎಳನೀರಿನಲ್ಲಿ 200 ಮಿ.ಗ್ರಾಂ ಪೊಟ್ಯಾಸಿಯಂ, 40 ಮಿ.ಗ್ರಾಂ ಸೋಡಿಯಂ, 5 ಗ್ರಾಂ ಸಕ್ಕರೆ ಇದೆ ಅಂತ ಹಿಡಿದರೆ ದೊಡ್ಡ ತಪ್ಪಾಗಲ್ಲ.

ಬೆವರಿನಲ್ಲಿ ಇರೋದು ಇದರ ತಲೆಕೆಳಗು. ಒಂದು ಲೀಟರ್ ಬೆವರಿನಲ್ಲಿ ಅಂದಾಜು 1 ಗ್ರಾಂ ಸೋಡಿಯಂ ಹೋಗುತ್ತೆ, ಪೊಟ್ಯಾಸಿಯಂ ಹೋಗೋದು ಅದರ ಐದರಲ್ಲೊಂದು ಪಾಲು, ಅಂದರೆ 0.2 ಗ್ರಾಂ. ಬೆವರು ಒಣಗಿದ ಅಂಗಿಯ ಮೇಲೆ ಬಿಳಿ ಗೆರೆ ಉಳಿಯುತ್ತಲ್ಲ, ಅದು ಉಪ್ಪೇ.

ಜಗಳೂರಿನ ಅಪ್ಪಾಜಿಯ ಆ ದಿನವನ್ನ ಕಾಗದದ ಮೇಲೆ ಹಾಕಿ ನೋಡಿದೆವು. ಐದೂವರೆ ತಾಸು ಸಲಿಕೆ ಕೆಲಸಕ್ಕೆ ಮೂರು ಲೀಟರ್ ಬೆವರು ಅಂದರೆ ಹೆಚ್ಚೇನಲ್ಲ. ಹೋದದ್ದು 3 ಗ್ರಾಂ ಸೋಡಿಯಂ, 0.6 ಗ್ರಾಂ ಪೊಟ್ಯಾಸಿಯಂ. ಮೂರು ಎಳನೀರು ಅಂದರೆ 900 ಮಿ.ಲೀ. ಅದರಿಂದ ಬಂದದ್ದು 1.8 ಗ್ರಾಂ ಪೊಟ್ಯಾಸಿಯಂ, 0.36 ಗ್ರಾಂ ಸೋಡಿಯಂ. ಪೊಟ್ಯಾಸಿಯಂ ಹೋದದ್ದರ ಮೂರು ಪಟ್ಟು ಬಂತು. ಸೋಡಿಯಂ ಎಂಟರಲ್ಲೊಂದು ಪಾಲು ಮಾತ್ರ. ಮೇಲೆ ಕುಡಿದ ಎರಡು ಚೊಂಬು ನೀರು ಉಳಿದಿದ್ದ ಉಪ್ಪನ್ನೂ ತೆಳು ಮಾಡಿತು.

ಉಳಿದ ಕೊರತೆ 2.6 ಗ್ರಾಂ ಸೋಡಿಯಂ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಶೇಕಡ 39ರಷ್ಟು, ಹಾಗಾಗಿ ಉಪ್ಪಿನ ಲೆಕ್ಕದಲ್ಲಿ ಅದು ಆರೂವರೆ ಗ್ರಾಂ, ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಅದನ್ನ ಒಮ್ಮೆಲೇ ನೀರಿಗೆ ಕಲಸಿ ಕುಡಿಯೋದಲ್ಲ. ಅಷ್ಟು ಉಪ್ಪು ಮಾಮೂಲಿ ದಿನ ನಮಗೆ ಗೊತ್ತಾಗದ ಹಾಗೆ ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಬಂದುಬಿಡುತ್ತೆ. ಅವತ್ತು ತಟ್ಟೆ ಸರಿಸಿದ್ದೇ ಎಡವಟ್ಟಾಯ್ತು. ಕಾಲು ಸೆಳೆತಕ್ಕೆ ಉಪ್ಪೊಂದೇ ಕಾರಣ ಅಲ್ಲ, ದಣಿದ ಸ್ನಾಯು ತಾನಾಗಿಯೂ ಹಿಡಿಯುತ್ತೆ. ಆದರೆ ತಲೆಸುತ್ತು, ಸುಸ್ತು, ಸೆಳೆತ ಮೂರೂ ಒಟ್ಟಿಗೆ ಬಂದು, ಹೊಟ್ಟೆಗೆ ಬಿದ್ದದ್ದು ಬರೀ ನೀರು, ಎಳನೀರು ಅಂದಾಗ ಡಾಕ್ಟರ್ ಮೊದಲು ಉಪ್ಪನ್ನ ಕೇಳಿದ್ದು ಸುಮ್ಮನೆ ಅಲ್ಲ.

ಹಾಸ್ಟೆಲಿನಲ್ಲಿ ಫ್ಯಾನ್ ಕೆಳಗೆ ಕೂತು ಓದೋ ನಮಗೆ ಈ ತೊಂದರೆ ಇಲ್ಲ. ಬೆವರು ಕಮ್ಮಿ, ಮೂರು ಹೊತ್ತಿನ ಮೆಸ್ ಊಟದಲ್ಲಿ ಉಪ್ಪು ಬೇಕಾದಷ್ಟಿದೆ. ಒಂದು ಎಳನೀರು ಸಾಕು, ಚೆನ್ನಾಗಿರುತ್ತೆ. ಬಿಸಿಲಲ್ಲಿ ತಾಸುಗಟ್ಟಲೆ ದುಡಿಯೋರಿಗೆ ಮಾತ್ರ ಎಳನೀರು ಅರ್ಧ ಉತ್ತರ, ಇನ್ನರ್ಧ ಉಪ್ಪು ಹಾಕಿದ ಮಜ್ಜಿಗೆ, ಊಟ. ವಾಂತಿ ಭೇದಿ ಆದವರಿಗಂತೂ ಎಳನೀರು ಓಆರ್‌ಎಸ್‌ಗೆ ಬದಲಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಪುಡಿಯಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು ಇದೆ, ಅದರ ಜೊತೆಗೆ ಸೋಡಿಯಂ ಸಿಟ್ರೇಟ್ ಬೇರೆ. ಅಷ್ಟು ಸೋಡಿಯಂ ಯಾವ ಎಳನೀರಿನಲ್ಲೂ ಸಿಗಲ್ಲ.

ಪ್ಯಾಕೆಟ್ ಎಳನೀರು: ಹಿಂಬದಿ ಓದಿ

ಇಲ್ಲಿ ನಮಗೆ ಆಶ್ಚರ್ಯ ಆದ ವಿಷಯ ಒಂದಿದೆ. "ಕಾಯಿಸಿದ ಮೇಲೆ ಸತ್ವ ಎಲ್ಲಾ ಹೋಗುತ್ತೆ" ಅಂತ ಮನೇಲಿ ಹೇಳ್ತಾರಲ್ಲ, ಪೊಟ್ಯಾಸಿಯಂ, ಸೋಡಿಯಂ ವಿಷಯದಲ್ಲಿ ಅದು ನಿಜ ಅಲ್ಲ. ಅವು ಖನಿಜ, ಬಿಸಿಗೆ ನಾಶ ಆಗಲ್ಲ. ಪೆಟ್ಟಿಗೆಯಲ್ಲಿ ಬರೋ ಎಳನೀರನ್ನ ಸಾಮಾನ್ಯವಾಗಿ ಕೆಲವೇ ಸೆಕೆಂಡು 140 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ, ತಕ್ಷಣ ತಣಿಸಿ, ಗಾಳಿಯಾಡದ ಹಾಗೆ ತುಂಬುತ್ತಾರೆ. ಹೋಗೋದು ಆ ಹಸಿ ಪರಿಮಳ, ಒಂದಿಷ್ಟು ಸಿ ಜೀವಸತ್ವ. ಬಾಯಾರಿಕೆಗೆ ಬೇಕಾದ ನೀರು, ಲವಣ, ಸಕ್ಕರೆ ಹಾಗೇ ಉಳಿಯುತ್ತೆ. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ತೆಂಗು ಅಭಿವೃದ್ಧಿ ಮಂಡಳಿ ಜೊತೆ ಸೇರಿ ಎಳನೀರನ್ನ ಪೌಚ್, ಕ್ಯಾನುಗಳಲ್ಲಿ ತುಂಬೋ ತಂತ್ರಜ್ಞಾನ ರೂಪಿಸಿದ್ದು ಈ ದಾರಿಯಲ್ಲೇ.

ಹಾಗಾಗಿ ತಾಜಾನೋ ಪ್ಯಾಕೆಟ್ಟೋ ಅನ್ನೋದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಪ್ಯಾಕೆಟ್ ಒಳಗಿರೋದು ಎಳನೀರೇ ಹೌದಾ, ಎಷ್ಟು ಪಾಲು. ಅದಕ್ಕೆ ಮುಂಬದಿಯ ತೆಂಗಿನ ಮರದ ಚಿತ್ರ ಬಿಟ್ಟು ಹಿಂಬದಿ ಓದಬೇಕು.

ಮೊದಲು ಪದಾರ್ಥಗಳ ಪಟ್ಟಿ. ಯಾವುದು ಹೆಚ್ಚಿದೆಯೋ ಅದು ಮೊದಲು ಬರಬೇಕು ಅನ್ನೋದು ನಿಯಮ. "ಎಳನೀರು" ಅಂತ ಒಂದೇ ಪದ ಇದ್ದರೆ, ಅಥವಾ ಜೊತೆಗೆ ಒಂದು ಸಂರಕ್ಷಕ ಮಾತ್ರ ಇದ್ದರೆ ಸರಿ. INS 300 ಅಂದರೆ ಸಿ ಜೀವಸತ್ವ, ಬಣ್ಣ ತಿರುಗದಿರಲಿ ಅಂತ ಹಾಕೋದು. INS 224 ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಉಬ್ಬಸ ಇರೋ ಕೆಲವರಿಗೆ ಇದು ಆಗಿಬರಲ್ಲ. "ನೀರು, ಸಕ್ಕರೆ, ಎಳನೀರಿನ ಸಾಂದ್ರ, ಸುವಾಸನೆ" ಅಂತ ಶುರುವಾದರೆ ಅದು ಎಳನೀರು ಪರಿಮಳದ ಷರಬತ್ತು.

ಆಮೇಲೆ ಪೋಷಕಾಂಶದ ಕೋಷ್ಟಕ. ನಮ್ಮ ದೇಶದ ನಿಯಮದಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಸೋಡಿಯಂ ಬರೆಯಲೇಬೇಕು. ಪೊಟ್ಯಾಸಿಯಂ ಬರೆಯೋದು ಕಡ್ಡಾಯ ಅಲ್ಲ, ಬರೆದಿದ್ದರೆ ಅದೇ ನಮಗೆ ದೊಡ್ಡ ಸುಳಿವು.

ಒಂದು ಉದಾಹರಣೆ ಮಾಡೋಣ. ಎರಡು ಪ್ಯಾಕೆಟ್ ಮುಂದಿವೆ ಅಂದುಕೊಳ್ಳಿ, ಎರಡೂ 200 ಮಿ.ಲೀ. ಒಂದರ ಹಿಂದೆ 100 ಮಿ.ಲೀ.ಗೆ ಸಕ್ಕರೆ 4.5 ಗ್ರಾಂ, ಸೇರಿಸಿದ ಸಕ್ಕರೆ 0, ಪೊಟ್ಯಾಸಿಯಂ 190 ಮಿ.ಗ್ರಾಂ ಅಂತಿದೆ. ಇನ್ನೊಂದರ ಹಿಂದೆ ಸಕ್ಕರೆ 9 ಗ್ರಾಂ, ಸೇರಿಸಿದ ಸಕ್ಕರೆ 8 ಗ್ರಾಂ, ಪೊಟ್ಯಾಸಿಯಂ 40 ಮಿ.ಗ್ರಾಂ. ಎಳನೀರಿನಲ್ಲಿ ಪೊಟ್ಯಾಸಿಯಂ 200ರ ಸುತ್ತಮುತ್ತ ಇರಬೇಕಾದರೆ, ಮೊದಲನೆಯದು ಹೆಚ್ಚುಕಡಿಮೆ ಪೂರ್ತಿ ಎಳನೀರು. ಎರಡನೆಯದರಲ್ಲಿ 40 ಭಾಗಿಸು 200, ಅಂದರೆ ಐದರಲ್ಲೊಂದು ಪಾಲು. ಸಕ್ಕರೆ ಲೆಕ್ಕವೂ ತಾಳೆಯಾಗುತ್ತೆ: 9ರಲ್ಲಿ 8 ಹೊರಗಿನದ್ದು, 1 ಗ್ರಾಂ ಎಳನೀರಿನದ್ದು. 5 ಗ್ರಾಂ ಇರಬೇಕಾದಲ್ಲಿ 1 ಅಂದರೆ ಅಲ್ಲೂ ಐದರಲ್ಲೊಂದು. ಎರಡು ಬೇರೆ ದಾರಿಯಿಂದ ಒಂದೇ ಉತ್ತರ ಬಂದರೆ ನಂಬಬಹುದು. ಪೊಟ್ಯಾಸಿಯಂ ಬರೆಯದ ಪ್ಯಾಕೆಟ್ಟಿಗೆ ಒಟ್ಟು ಸಕ್ಕರೆಯಿಂದ ಸೇರಿಸಿದ ಸಕ್ಕರೆ ಕಳೆದು, ಉಳಿದದ್ದನ್ನ 5ರಿಂದ ಭಾಗಿಸಿ ನೋಡಿ, ಅಂದಾಜು ಸಿಗುತ್ತೆ. ಬೇರೆ ಹಣ್ಣಿನ ರಸ ಬೆರೆಸಿದ್ದರೆ ಮಾತ್ರ ಈ ಲೆಕ್ಕ ನಡೆಯಲ್ಲ.

ಬೆಲೆಯನ್ನೂ ಲೀಟರಿಗೆ ತಿರುಗಿಸಿ ಹೋಲಿಸಬೇಕು. 300 ಮಿ.ಲೀ. ನೀರಿನ ಕಾಯಿಗೆ 45 ರೂಪಾಯಿ ಕೊಟ್ಟರೆ ಲೀಟರಿಗೆ 150. 200 ಮಿ.ಲೀ. ಪ್ಯಾಕೆಟ್ಟಿಗೆ 50 ಕೊಟ್ಟರೆ ಲೀಟರಿಗೆ 250. ಗಾಡಿ ಎದುರಿಗೇ ಇದ್ದಾಗ ಪ್ಯಾಕೆಟ್ ತೊಗೊಳ್ಳೋಕೆ ಕಾರಣ ಇಲ್ಲ. ರಾತ್ರಿ ಬಸ್ಸಿನಲ್ಲಿ, ಗಾಡಿ ಸಿಗದ ಕಡೆ, ಮೊದಲನೇ ಥರದ ಪ್ಯಾಕೆಟ್ ಇದ್ದರೆ ಅದು ಮೋಸ ಏನಲ್ಲ.

ಮತ್ತೊಂದು ಮಾತು. ಪೆಟ್ಟಿಗೆ ಮೇಲೆ "ಓಆರ್‌ಎಸ್" ಅಂತ ದೊಡ್ಡದಾಗಿ ಬರೆದುಕೊಂಡ ಸಿಹಿ ಪಾನೀಯಗಳು ಬಹಳ ಕಾಲ ಮಾರಾಟ ಆದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯ ಆ ಹೆಸರು ಬಳಸಬಾರದು ಅಂತ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಮನೇಲಿ ಹಳೇ ಪ್ಯಾಕೆಟ್ ಉಳಿದಿದ್ದರೆ ಹಿಂಬದಿ ಓದಿ.

ಒಡೆದ ಮೇಲೆ ಗಡಿಯಾರ ಓಡುತ್ತೆ

ಕಾಯಿ ಒಳಗೆ ಇರೋ ತನಕ ಎಳನೀರು ಶುದ್ಧ, ಸೂಕ್ಷ್ಮಜೀವಿ ಇರಲ್ಲ. ಮಚ್ಚು ಬಿದ್ದ ಕ್ಷಣದಿಂದ ಅದು ಸಕ್ಕರೆ, ಲವಣ ಇರೋ ಬೆಚ್ಚಗಿನ ನೀರು, ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅದಕ್ಕೇ ಒಡೆದದ್ದನ್ನ ಅಲ್ಲೇ ಕುಡೀಬೇಕು. ಮನೆಗೆ ಒಯ್ಯೋದಾದರೆ ಕಾಯಿಯನ್ನೇ ಒಯ್ಯಿರಿ. ಬಾಟಲಿಗೆ ಹಾಕಿಸಿಕೊಂಡರೆ ತಕ್ಷಣ ಫ್ರಿಜ್ಜಿಗೆ ಇಟ್ಟು ಅವತ್ತೇ ಮುಗಿಸಿ.

ಕಾಯಿಸದೆ, ಶೋಧಿಸದೆ, ಬಾಟಲಿಯಲ್ಲಿ ತುಂಬಿ ದಿನಗಟ್ಟಲೆ ಮಾರೋ ಎಳನೀರಿನ ಬಗ್ಗೆ ಹುಷಾರಾಗಿರಿ. ತಯಾರಾದ ದಿನ, ಬಳಸಬೇಕಾದ ದಿನ, ಆಹಾರ ಪರವಾನಗಿ ಸಂಖ್ಯೆ ಮೂರೂ ಇಲ್ಲದ ಬಾಟಲಿ ಮುಟ್ಟಬೇಡಿ. 2024ರ ಏಪ್ರಿಲಿನಲ್ಲಿ ಮಂಗಳೂರಿನ ಹೊರವಲಯದ ಅಡ್ಯಾರಿನಲ್ಲಿ ಬಾಟಲಿ ಎಳನೀರು ಕುಡಿದ ಹಲವರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ ಸುದ್ದಿ ನೆನಪಿರಬಹುದು. ಸಿಪ್ಪೆ ಹೆರೆದು ಪ್ಲಾಸ್ಟಿಕ್ ಸುತ್ತಿದ ಕಾಯಿಗೂ ಇದೇ ಮಾತು. ಅದರ ಮೇಲೆ ನಾಲ್ಕೈದು ಡಿಗ್ರಿಯಲ್ಲಿ ಇಡಿ ಅಂತ ಬರೆದಿದ್ದರೆ ಹಾಗೇ ಇಡಬೇಕು. ಡೆನ್ಮಾರ್ಕಿನಲ್ಲಿ ಒಬ್ಬ ಹಿರಿಯರು ಅಂಥ ಕಾಯಿಯನ್ನ ಒಂದು ತಿಂಗಳು ಹೊರಗೆ ಇಟ್ಟು, ಆಮೇಲೆ ಸ್ವಲ್ಪ ಹೀರಿ, ರುಚಿ ಕೆಟ್ಟಿದೆ ಅಂತ ನಿಲ್ಲಿಸಿದರು. ಆದರೂ ಬದುಕಲಿಲ್ಲ. ಒಳಗೆ ಬೆಳೆದ ಬೂಷ್ಟು ವಿಷ ಉಗುಳಿತ್ತು. ಸಿಪ್ಪೆ, ತೊಟ್ಟು ಇರೋ ಇಡೀ ಕಾಯಿಯಾದರೆ ನೆರಳಿನಲ್ಲಿ ಮೂರ್ನಾಲ್ಕು ದಿನ ಚೆನ್ನಾಗೇ ಇರುತ್ತೆ.

ಪ್ರಮಾಣಕ್ಕೂ ಮಿತಿ ಇದೆ. 2014ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪ್ರಕರಣದಲ್ಲಿ, ಬಿಸಿಲಲ್ಲಿ ದಿನವಿಡೀ ಟೆನಿಸ್ ಆಡಿದ 42 ವರ್ಷದವರೊಬ್ಬರು ಎಂಟು ಬಾಟಲಿ, ಅಂದರೆ ಎರಡೂವರೆ ಲೀಟರಿಗೂ ಮೇಲೆ ಪ್ಯಾಕೆಟ್ ಎಳನೀರು ಕುಡಿದು ಕುಸಿದು ಬಿದ್ದರು. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿ ಹೃದಯದ ಬಡಿತ ತಪ್ಪಿತ್ತು. ಗಟ್ಟಿ ಆಳಿಗೇ ಹೀಗಾದರೆ, ಕಿಡ್ನಿ ತೊಂದರೆ ಇರೋರು, ಪೊಟ್ಯಾಸಿಯಂ ಹಿಡಿದಿಡೋ ಬಿಪಿ ಮಾತ್ರೆ, ಹೃದಯದ ಮಾತ್ರೆ ನುಂಗೋರು ಒಂದು ಎಳನೀರಿಗೂ ಡಾಕ್ಟರನ್ನ ಕೇಳಬೇಕು. ಆಸ್ಪತ್ರೆಗೆ ನೋಡೋಕೆ ಹೋಗುವಾಗ ಎರಡು ಎಳನೀರು ಹಿಡಕೊಂಡು ಹೋಗೋ ನಮ್ಮೂರ ಪದ್ಧತಿ ಇದೆಯಲ್ಲ, ಅಲ್ಲಿ ಮೊದಲು ಅವರಿಗೆ ಏನಾಗಿದೆ ಅಂತ ಕೇಳಿ. ಇನ್ನು ಬಿಸಿಲಿಗೆ ಬಿದ್ದವರು ಮಾತು ತೊದಲುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಈ ಬೇಸಿಗೆ

ಜಗಳೂರಿನ ಅಪ್ಪಾಜಿ ಎಳನೀರು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಈಗ ಹೊಲಕ್ಕೆ ಹೋಗುವಾಗ ಒಂದು ಕ್ಯಾನ್ ಮಜ್ಜಿಗೆ ಜೊತೆಗೆ ಹೋಗುತ್ತೆ, ಲೀಟರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿದ್ದು. ಹತ್ತು ಗಂಟೆಗೆ ಒಂದು ಎಳನೀರು, ಜೊತೆಗೆ ರೊಟ್ಟಿ, ಉಪ್ಪಿನಕಾಯಿ. ಮಧ್ಯಾಹ್ನ ಊಟ ಸೇರಲ್ಲ ಅಂದರೆ ಮುದ್ದೆಯನ್ನಾದರೂ ಮಜ್ಜಿಗೆಗೆ ಕಿವುಚಿ ಕುಡಿತಾರೆ. ಮೊನ್ನೆ ಗೆಳೆಯ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಕಾಲು ಹಿಡ್ಕಂಡಿಲ್ಲ ಕಣಪ್ಪ. ಆ ಗೊನೆ ಎಣಿಸೋದು ಹೆಂಗೆ ಅಂದಿದ್ದೆ, ಇನ್ನೊಂದ್ಸಲ ಹೇಳು."

ಎರಡು ತಿಂಗಳ ಹೀಚಿನ ಕೆಳಗೆ, ಅದೇ ಸಾಲಿನಲ್ಲಿ.